ಶುಗರ್ ಫ್ರೀ ಚಹಾಕ್ಕೆ ಅಡ್ಡಿಲ್ಲ, ಶುಗರ್ ಫ್ರೀ ಕಾಜು ಕಟ್ಲಿಗೆ?

“ಮೇಡಂ, ತೂಕ ಇಳಿಸ್ಬೇಕು ಅಂತ ಊಟ ಕಮ್ಮಿ ಮಾಡಿದ್ದೇನೆ. ಚಹಾಕ್ಕೆ ಸಕ್ಕರೆ ಬದಲು ಆ ಶುಗರ್ ಫ್ರೀ ಗುಳಿಗೆ ಹಾಕ್ಕೊಂಡ್ರೆ ಅಡ್ಡಿಲ್ವಾ? ಪೇಟೆಲಿ ಸಿಗೋ ಶುಗರ್ ಫ್ರೀ ಸ್ವೀಟು, ಬಿಸ್ಕತ್ತು ತಿನ್ಬಹುದಾ? ಅದ್ರಿಂದ ಕ್ಯಾನ್ಸರ್ ಬರ್ತದೆ ಅಂತಾರಲ್ಲ, ಹೌದಾ?”

ಚಹಾಕ್ಕೆ ಹಾಕಿಕೊಳ್ಳಿ, ಅಡ್ಡಿಲ್ಲ. ಸ್ವೀಟು, ಬಿಸ್ಕತ್ತು ತಿಂದರೆ ತೂಕದ ಲೆಕ್ಕದಲ್ಲಿ ಉಳಿಯುವುದು ತೀರಾ ಕಡಿಮೆ. ಕೆಲವೊಮ್ಮೆ ಏನೂ ಉಳಿಯುವುದಿಲ್ಲ. ಎರಡಕ್ಕೂ ಒಂದೇ ಹೆಸರು ಇದ್ದು ಉತ್ತರ ಮಾತ್ರ ಬೇರೆ ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಕ್ಕರೆ ತೆಗೆದ ಜಾಗಕ್ಕೆ ಏನು ಬಂತು ಅಂತ ನೋಡುವುದು ಗೊತ್ತಾದರೆ ಮುಂದೆ ಯಾವ ಡಬ್ಬಿ ಕೈಗೆ ಬಂದರೂ ನೀವೇ ಲೆಕ್ಕ ಹಾಕಬಹುದು.

ಮೊದಲು ಚಹಾ. ಶಿರಸಿಯ ಒಬ್ಬ ಶಿಕ್ಷಕಿ ಅಂದುಕೊಳ್ಳಿ. ಬೆಳಿಗ್ಗೆ ಎದ್ದ ಕೂಡಲೇ ಒಂದು ಚಹಾ, ತಿಂಡಿ ಜೊತೆ ಒಂದು, ಶಾಲೆಯಲ್ಲಿ ಒಂದು, ಮನೆಗೆ ಬಂದ ಮೇಲೆ ಒಂದು. ಸಂಜೆ ಯಾರದಾದರೂ ಮನೆಗೆ ಹೋದರೆ “ಆಸರಿಗೆ ಎಂಥ ಮಾಡ್ಲಿ?” ಅಂತ ಕೇಳಿಯೇ ಕೇಳುತ್ತಾರೆ. ಅಲ್ಲಿ ಇನ್ನೊಂದು. ಐದಾಯಿತು. ಪ್ರತಿ ಚಹಾಕ್ಕೆ ಎರಡು ಚಮಚ ಸಕ್ಕರೆ. ತುಂಬಿದ ಒಂದು ಟೀ ಚಮಚದಲ್ಲಿ ಸುಮಾರು 5 ಗ್ರಾಂ ಸಕ್ಕರೆ ಇರುತ್ತದೆ. ಒಂದು ಗ್ರಾಂಗೆ 4 ಕ್ಯಾಲೊರಿ. ಹತ್ತು ಚಮಚ ಅಂದರೆ 50 ಗ್ರಾಂ, ಅಂದರೆ 200 ಕ್ಯಾಲೊರಿ.

ತೂಕ ಇಳಿಸಲು ಸಾಮಾನ್ಯವಾಗಿ ದಿನಕ್ಕೆ 500 ಕ್ಯಾಲೊರಿಯಷ್ಟು ಕಡಿಮೆ ತಿನ್ನಿ ಅಂತ ಹೇಳುತ್ತೇವೆ. ಅದರಲ್ಲಿ 200 ಬರೀ ಚಹಾದ ಸಕ್ಕರೆಯಲ್ಲೇ ಸಿಕ್ಕಿತು. ಅನ್ನಕ್ಕೆ, ದೋಸೆಗೆ, ಮೀನು ಸಾರಿಗೆ ಕೈ ಹಚ್ಚಿಯೇ ಇಲ್ಲ. ಗುಳಿಗೆ ಹಾಕಿಕೊಂಡರೆ ಇದು ಪೂರ್ತಿ ಉಳಿಯುತ್ತದೆ. ಇಂಥ ಗುಳಿಗೆಗಳಲ್ಲಿ ಹಾಕುವ ಸಿಹಿಕಾರಕಗಳಲ್ಲಿ ಆಸ್ಪಾರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ, ಸುಕ್ರಲೋಸ್ ಸುಮಾರು 600 ಪಟ್ಟು. ಅಷ್ಟು ಸಿಹಿಯಾದ್ದರಿಂದ ಹಾಕುವುದು ಚಿಟಿಕೆಗಿಂತಲೂ ಕಡಿಮೆ. ಅದರ ಕ್ಯಾಲೊರಿ ಲೆಕ್ಕಕ್ಕೇ ಬರುವುದಿಲ್ಲ.

ಚಹಾದಲ್ಲಿ ಸಕ್ಕರೆಗೆ ಇದ್ದ ಕೆಲಸ ಸಿಹಿ ಕೊಡುವುದು ಮಾತ್ರ. ಅದು ಹೋದ ಜಾಗ ಖಾಲಿಯೇ ಉಳಿಯುತ್ತದೆ, ಬೇರೆ ಏನನ್ನೂ ತುಂಬಬೇಕಾಗಿಲ್ಲ. ಹಾಲು ಮಾತ್ರ ಹಾಗೇ ಇದೆ ಅನ್ನುವುದು ನೆನಪಿರಲಿ. ಗಟ್ಟಿ ಹಾಲಿನ ಐದು ಚಹಾ ಅಂದರೆ ಅದರದ್ದೇ ಇನ್ನೂರರ ಮೇಲೆ ಕ್ಯಾಲೊರಿ ಆಗುತ್ತದೆ.

ಕಾಗದದ ಮೇಲೆ ದಿನಕ್ಕೆ 200 ಕ್ಯಾಲೊರಿ ಉಳಿದರೆ ತಿಂಗಳಿಗೆ ಮುಕ್ಕಾಲು ಕೆಜಿ ಇಳಿಯಬೇಕು. ನಿಜವಾಗಿ ಅಷ್ಟು ಇಳಿಯುವುದಿಲ್ಲ. ತೂಕ ಇಳಿದ ಹಾಗೆ ದೇಹ ಖರ್ಚು ಮಾಡುವುದೂ ಕಡಿಮೆ ಆಗುತ್ತದೆ, ನಾವೂ ಗೊತ್ತಿಲ್ಲದೆ ಒಂದು ತುತ್ತು ಜಾಸ್ತಿ ತಿನ್ನುತ್ತೇವೆ. ಆದರೂ ಲಾಭ ಇದ್ದೇ ಇದೆ.

ಈಗ ಕಾಜು ಕಟ್ಲಿ. ಇಲ್ಲಿ ಸಕ್ಕರೆ ಸಿಹಿ ಕೊಡುವುದರ ಜೊತೆಗೆ ಪದಾರ್ಥವೂ ಆಗಿದೆ. 100 ಗ್ರಾಂ ಕಟ್ಲಿಯಲ್ಲಿ ಹತ್ತಿರ ಹತ್ತಿರ 60 ಗ್ರಾಂ ಗೇರುಬೀಜ, 40 ಗ್ರಾಂ ಸಕ್ಕರೆ ಅಂತ ಇಟ್ಟುಕೊಳ್ಳೋಣ. ಆ 40 ಗ್ರಾಂ ತೆಗೆದು ಒಂದು ಚಿಟಿಕೆ ಸುಕ್ರಲೋಸ್ ಹಾಕಿದರೆ ಕಟ್ಲಿಯೇ ಆಗುವುದಿಲ್ಲ. ಪಾಕ ಇಲ್ಲ, ಹದ ಇಲ್ಲ. ಹಾಗಾಗಿ ತಯಾರಿಸುವವರು ಆ ಜಾಗ ತುಂಬಲೇಬೇಕು. ಬಹಳ ಕಡೆ ಮಾಲ್ಟಿಟಾಲ್ ಹಾಕುತ್ತಾರೆ. ಅದು ಪಿಷ್ಟದಿಂದ ಮಾಡುವ ಒಂದು ಸಿಹಿ ಪದಾರ್ಥ. ರುಚಿ, ಹದ ಎರಡೂ ಸಕ್ಕರೆಯ ಹತ್ತಿರ ಇರುತ್ತದೆ. ಆದರೆ ಅದಕ್ಕೂ ಗ್ರಾಂಗೆ ಎರಡರ ಮೇಲೆ ಕ್ಯಾಲೊರಿ ಇದೆ. 2.4 ಅಂತ ಹಿಡಿಯೋಣ. ಸಕ್ಕರೆಗಿಂತ ಉಳಿದದ್ದು ಗ್ರಾಂಗೆ 1.6. ನಲವತ್ತು ಗ್ರಾಂಗೆ 64. ನಾವು ತಿನ್ನುವ 20 ಗ್ರಾಂನ ಒಂದು ತುಂಡಿಗೆ ಉಳಿದದ್ದು ಬರೀ 13 ಕ್ಯಾಲೊರಿ! ಆ ತುಂಡಿನಲ್ಲಿ ಇನ್ನೂ 90ರ ಹತ್ತಿರ ಇದೆ, ಹೆಚ್ಚಿನದು ಗೇರುಬೀಜದ ಎಣ್ಣೆಯಂಶದ್ದು.

ಕೆಲವು ಸ್ವೀಟುಗಳಲ್ಲಿ ಮಾಲ್ಟಿಟಾಲ್ ಕೂಡ ಇರುವುದಿಲ್ಲ. ಸಕ್ಕರೆಯ ಜಾಗಕ್ಕೆ ಗೇರುಬೀಜ, ಖೋವಾ, ತುಪ್ಪವನ್ನೇ ಜಾಸ್ತಿ ಹಾಕಿರುತ್ತಾರೆ. 100 ಗ್ರಾಂ ಗೇರುಬೀಜದಲ್ಲಿ 580ರ ಆಸುಪಾಸು ಕ್ಯಾಲೊರಿ, ಸಕ್ಕರೆಯಲ್ಲಿ 400. ಅಂಥ ಶುಗರ್ ಫ್ರೀ ಸ್ವೀಟು ಮಾಮೂಲಿ ಸ್ವೀಟಿಗಿಂತ ಜಾಸ್ತಿ ಕ್ಯಾಲೊರಿಯದ್ದಾಗುತ್ತದೆ. ಬಿಸ್ಕತ್ತಿನ ಕಥೆಯೂ ಇದೇ. ಮೈದಾ, ಎಣ್ಣೆ ಎಲ್ಲಿಗೂ ಹೋಗಿಲ್ಲ. ಖರ್ಜೂರದ ಲಾಡು, ಜೋನಿಬೆಲ್ಲ ಹಾಕಿದ ಕಷಾಯಕ್ಕೆ ‘ಸಕ್ಕರೆ ಹಾಕಿಲ್ಲ’ ಅನ್ನುವುದು ನಿಜ. ಬೆಲ್ಲವೂ ಕ್ಯಾಲೊರಿ ಲೆಕ್ಕದಲ್ಲಿ ಸಕ್ಕರೆಯ ತಮ್ಮನೇ.

ಹಾಗಾದರೆ ಡಬ್ಬಿಯ ಮೇಲೆ ಬರೆದದ್ದು ಸುಳ್ಳಾ? ಸುಳ್ಳಲ್ಲ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ 100 ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ಮೀರದಿದ್ದರೆ ಶುಗರ್ ಫ್ರೀ ಅಂತ ಹಾಕಬಹುದು. ಕ್ಯಾಲೊರಿ ಎಷ್ಟಿದೆ ಅನ್ನುವುದಕ್ಕೂ ಆ ಮಾತಿಗೂ ಸಂಬಂಧ ಇಲ್ಲ. ಅದಕ್ಕೇ ನಾನು ಡಬ್ಬಿ ತಿರುಗಿಸಿ ಹಿಂದಿನ ಪಟ್ಟಿ ನೋಡಿ ಅನ್ನುವುದು. ಮೊದಲು 100 ಗ್ರಾಂಗೆ ಎನರ್ಜಿ ಎಷ್ಟು ಅಂತ ನೋಡಿ. ಪಕ್ಕದಲ್ಲಿ ಅದೇ ತಿಂಡಿಯ ಮಾಮೂಲಿ ಪ್ಯಾಕೆಟ್ ಇಟ್ಟು ಹೋಲಿಸಿ. ಆಮೇಲೆ ಪಾಲಿಯಾಲ್ ಅಂತ ಇದೆಯಾ ನೋಡಿ. ಮಾಲ್ಟಿಟಾಲ್ ಆ ಗುಂಪಿನದ್ದು. ಅದು ಜಾಸ್ತಿಯಾದರೆ ಹೊಟ್ಟೆ ಉಬ್ಬರ, ಭೇದಿ ಆಗುತ್ತದೆ. ಶುಗರ್ ಇದ್ದವರಿಗೆ ರಕ್ತದ ಸಕ್ಕರೆಯನ್ನೂ ಏರಿಸುತ್ತದೆ, ಸಕ್ಕರೆಯಷ್ಟಲ್ಲ ಅಷ್ಟೆ. ಹಬ್ಬದ ಮಾರನೆ ದಿನ “ಶುಗರ್ ಫ್ರೀಯೇ ತಿಂದದ್ದು, ಹೊಟ್ಟೆ ಯಾಕೋ ಸರಿ ಇಲ್ಲ” ಅಂತ ಯಾರಾದರೂ ಅಂದರೆ ನಾನು ಮೊದಲು ಕೇಳುವುದು ಆ ಡಬ್ಬಿಯ ಬಗ್ಗೆ.

ಸಕ್ಕರೆಯ ಜಾಗ ತುಂಬುವುದು ನಮ್ಮ ತಟ್ಟೆಯಲ್ಲೂ ನಡೆಯುತ್ತದೆ. ಚಹಾಕ್ಕೆ ಸಕ್ಕರೆ ಬಿಟ್ಟೆನಲ್ಲ ಅಂತ ಇನ್ನೊಂದು ಹೋಳಿಗೆ ತಿಂದರೆ ದಿನದ ಉಳಿತಾಯ ಅಲ್ಲಿಗೆ ಮುಗಿಯಿತು. ಇದು ಆಗುತ್ತಿದೆಯಾ ಅಂತ ತಿಳಿಯಲು ತಕ್ಕಡಿ ಸಾಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ, ವಾರದ ಸರಾಸರಿ ಬರೆದಿಡಿ. ಮೂರು ನಾಲ್ಕು ವಾರದಲ್ಲಿ ಸರಾಸರಿ ಅಲ್ಲಾಡದಿದ್ದರೆ ಸಕ್ಕರೆಯ ಜಾಗಕ್ಕೆ ಏನೋ ಬಂದಿದೆ ಅಂತಲೇ ಅರ್ಥ.

ಸಂಶೋಧನೆಗಳು ಒಂದಕ್ಕೊಂದು ಜಗಳ ಆಡುವುದೂ ಇಲ್ಲಿಯೇ. ಸಿಹಿಕಾರಕವನ್ನು ಯಾವುದರ ಜೊತೆ ಹೋಲಿಸುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಸಕ್ಕರೆಯ ಜೊತೆ ಹೋಲಿಸಿದರೆ ಉತ್ತರ ಸ್ಪಷ್ಟ. ನೆದರ್‌ಲ್ಯಾಂಡ್ಸ್‌ನಲ್ಲಿ 641 ಮಕ್ಕಳಿಗೆ 18 ತಿಂಗಳು ದಿನಕ್ಕೊಂದು ಪಾನೀಯ ಕೊಟ್ಟರು. ಅರ್ಧ ಮಕ್ಕಳಿಗೆ ಸಕ್ಕರೆಯದ್ದು, ಉಳಿದವರಿಗೆ ಸಿಹಿಕಾರಕದ್ದು. ಯಾವುದು ಯಾರಿಗೆ ಅಂತ ಮಕ್ಕಳಿಗೆ ಗೊತ್ತಿರಲಿಲ್ಲ. 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಿಹಿಕಾರಕದ ಗುಂಪಿನ ಮಕ್ಕಳ ತೂಕ ಸುಮಾರು ಒಂದು ಕೆಜಿ ಕಡಿಮೆ ಏರಿತ್ತು.

ನೀರಿನ ಜೊತೆ ಹೋಲಿಸಿದಾಗ ಮಾತ್ರ ಗೊಂದಲ. 2016ರಲ್ಲಿ ಬಂದ ಅಮೆರಿಕದ ಒಂದು ವರ್ಷದ ಪ್ರಯೋಗದಲ್ಲಿ ಸಿಹಿಕಾರಕ ಹಾಕಿದ ಡಯಟ್ ಪಾನೀಯ ಕುಡಿದವರೇ ನೀರು ಕುಡಿದವರಿಗಿಂತ ಜಾಸ್ತಿ ತೂಕ ಇಳಿಸಿದರು. ಅದಕ್ಕೆ ಹಣ ಕೊಟ್ಟದ್ದು ಪಾನೀಯ ಕಂಪನಿಗಳ ಸಂಘ. 2015ರಲ್ಲಿ ಇರಾನಿನ ಮಹಿಳೆಯರ ಮೇಲೆ ಮಾಡಿದ ಪ್ರಯೋಗದಲ್ಲಿ ನೀರು ಕುಡಿದವರೇ ಮುಂದಿದ್ದರು. ಡಯಟ್ ಪಾನೀಯ ನೀರಿಗಿಂತ ಒಳ್ಳೆಯದು ಅಂತ ಯಾರಾದರೂ ಖಚಿತವಾಗಿ ಹೇಳಿದರೆ ನಾನು ಒಪ್ಪುವುದಿಲ್ಲ.

2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೂಕ ನಿಯಂತ್ರಣಕ್ಕೆ ಈ ಸಿಹಿಕಾರಕಗಳನ್ನು ಬಳಸಬೇಡಿ ಅಂದದ್ದು ಬಹಳ ಜನರನ್ನು ಹೆದರಿಸಿತು. ಅದನ್ನು ಪೂರ್ತಿ ಓದಬೇಕು. ಕೆಲವು ತಿಂಗಳ ಪ್ರಯೋಗಗಳಲ್ಲಿ ತೂಕ ಸ್ವಲ್ಪ ಇಳಿದದ್ದನ್ನು ಅವರೂ ಒಪ್ಪುತ್ತಾರೆ. ವರ್ಷಗಟ್ಟಲೆ ಜನರನ್ನು ಗಮನಿಸಿದ ಅಧ್ಯಯನಗಳಲ್ಲಿ ಮಾತ್ರ ಇವನ್ನು ಬಳಸುವವರಲ್ಲಿ ಡಯಾಬಿಟಿಸ್, ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಆದರೆ ತೂಕ ಏರಿದವರು, ಶುಗರ್ ಗಡಿಯಲ್ಲಿ ಇರುವವರೇ ತಾನೇ ಶುಗರ್ ಫ್ರೀ ಕೊಳ್ಳುವುದು? ಯಾವುದು ಕಾರಣ, ಯಾವುದು ಪರಿಣಾಮ ಅಂತ ಆ ಅಧ್ಯಯನಗಳಿಂದ ಬಿಡಿಸಲು ಆಗುವುದಿಲ್ಲ. ಹಾಗಾಗಿ ಸಂಸ್ಥೆ ತನ್ನ ಸಲಹೆಯನ್ನು ಷರತ್ತಿನದ್ದು ಅಂತಲೇ ಕರೆದಿದೆ. ಈಗಾಗಲೇ ಡಯಾಬಿಟಿಸ್ ಇರುವವರಿಗೆ ಅದು ಅನ್ವಯಿಸುವುದೂ ಇಲ್ಲ. ಹತ್ತಾರು ವರ್ಷ ಬಳಸಿದರೆ ಏನಾಗುತ್ತದೆ ಅನ್ನುವುದು ನಿಜಕ್ಕೂ ಇನ್ನೂ ತೀರ್ಮಾನ ಆಗದ ಪ್ರಶ್ನೆ. ಕರುಳಿನ ಸೂಕ್ಷ್ಮಜೀವಿಗಳ ವಿಷಯವೂ ಹಾಗೆಯೇ. 2022ರ ಒಂದು ಪ್ರಯೋಗದಲ್ಲಿ ಸ್ಯಾಕರಿನ್, ಸುಕ್ರಲೋಸ್ ಅನ್ನುವ ಸಿಹಿಕಾರಕ ತೆಗೆದುಕೊಂಡ ಕೆಲವರಲ್ಲಿ ಆ ಸೂಕ್ಷ್ಮಜೀವಿಗಳ ಜೊತೆಗೆ ರಕ್ತದ ಸಕ್ಕರೆಯ ಏರಿಳಿತವೂ ಬದಲಾಯಿತು. ಎಲ್ಲರಲ್ಲೂ ಒಂದೇ ರೀತಿ ಆಗಲಿಲ್ಲ, ಪ್ರಯೋಗ ನಡೆದದ್ದೂ ಕೆಲವೇ ವಾರ.

ಕ್ಯಾನ್ಸರ್ ಭಯ ಬಂದದ್ದು 2023ರ ಜುಲೈನಲ್ಲಿ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಆಸ್ಪಾರ್ಟೇಮನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು’ ಅನ್ನುವ ಗುಂಪಿಗೆ ಸೇರಿಸಿತು. ಸಿಕ್ಕ ಪುರಾವೆ ಸೀಮಿತ ಅನ್ನುವುದು ಆ ಗುಂಪಿನ ಅರ್ಥ. ಎಷ್ಟು ತಿಂದರೆ ಅಪಾಯ ಅಂತ ಅದು ಹೇಳುವುದಿಲ್ಲ. ಅದನ್ನು ನೋಡುವ ಇನ್ನೊಂದು ಸಮಿತಿ ಅದೇ ದಿನ, ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 40 ಮಿಲಿಗ್ರಾಂವರೆಗೆ ಅನ್ನುವ ಹಳೆಯ ಮಿತಿಯನ್ನು ಬದಲಿಸುವ ಅಗತ್ಯ ಇಲ್ಲ ಅಂದಿತು. ನಮ್ಮ ಶಿಕ್ಷಕಿ 60 ಕೆಜಿ ಇದ್ದರೆ ಮಿತಿ 2400 ಮಿಲಿಗ್ರಾಂ. ಒಂದು ಗುಳಿಗೆಯಲ್ಲಿ ಸಾಮಾನ್ಯವಾಗಿ 20ರ ಆಸುಪಾಸು ಇರುತ್ತದೆ. ಹತ್ತು ಗುಳಿಗೆಗೆ 200. ಚಹಾದ ಗುಳಿಗೆಗೆ ಹೆದರಿ ಮತ್ತೆ ಹತ್ತು ಚಮಚ ಸಕ್ಕರೆಗೆ ಮರಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಆದರೆ ನನಗೆ ಹೆಚ್ಚು ಇಷ್ಟವಾದ ದಾರಿ ಬೇರೆ. ಎರಡು ಚಮಚ ಹಾಕುವವರು ಒಂದೂವರೆಗೆ ಇಳಿಸಿ, ಎರಡು ವಾರ ಬಿಟ್ಟು ಒಂದಕ್ಕೆ, ಆಮೇಲೆ ಅರ್ಧಕ್ಕೆ. ನಾಲಿಗೆ ಹೊಂದಿಕೊಳ್ಳುತ್ತದೆ. ಇದು ಆಗದವರಿಗೆ ಗುಳಿಗೆ ಇದೆ. ಆಸ್ಪಾರ್ಟೇಮ್ ಕುದಿಸಿದರೆ ಸಿಹಿ ಕಳೆದುಕೊಳ್ಳುತ್ತದೆ, ಹಾಗಾಗಿ ಚಹಾ ಸೋಸಿದ ಮೇಲೆ ಹಾಕಿ. ಬೇಸಿಗೆಯ ಮುರುಗಲು ಶರಬತ್ತಿಗೂ ಹಾಕಬಹುದು. ಅಲ್ಲಿಯೂ ಸಕ್ಕರೆಯದ್ದು ಸಿಹಿಯ ಕೆಲಸವೇ. ಫೀನೈಲ್‌ಕೀಟೋನ್ಯೂರಿಯಾ ಅನ್ನುವ ಹುಟ್ಟಿನಿಂದ ಬರುವ ಕಾಯಿಲೆ ಇರುವವರು ಆಸ್ಪಾರ್ಟೇಮ್ ಮುಟ್ಟಬಾರದು. ಮಕ್ಕಳಿಗೆ ಕೊಡುವ ಅಗತ್ಯವೂ ಇಲ್ಲ.

ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ, ಸಕ್ಕರೆ ಎರಡನ್ನೂ ಒಟ್ಟಿಗೆ ಕಡಿಮೆ ಮಾಡುವ ಮೊದಲು ಡಾಕ್ಟರ ಹತ್ತಿರ ಮಾತಾಡಿ. ಔಷಧಿಯ ಪ್ರಮಾಣ ಬದಲಿಸಬೇಕಾಗಬಹುದು. ಕೈ ನಡುಗಿ, ಬೆವರು ಬಂದು ಶುಗರ್ ಇಳಿಯಿತು ಅನ್ನಿಸಿದಾಗ ಶುಗರ್ ಫ್ರೀ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಆಗ ಮೂರು ಚಮಚ ನಿಜವಾದ ಸಕ್ಕರೆಯನ್ನೇ ನೀರಿನಲ್ಲಿ ಕದಡಿ ಕುಡಿಯಬೇಕು. ಮನೆಯಲ್ಲಿ ಎಲ್ಲರೂ ಗುಳಿಗೆಗೆ ಬದಲಾದರೂ ಸಕ್ಕರೆ ಡಬ್ಬಿ ಕೈಗೆ ಸಿಗುವ ಜಾಗದಲ್ಲೇ ಇರಲಿ.