ಡ್ರಾಫ್ಟ್ ಕೊಟ್ಟ ಮೇಲೂ ಸ್ಲೈಡರ್ ಏಕೆ ಬೇಕಾಗುತ್ತದೆ?

“ಸರ್, ಎಲ್ಲ ಗೋಡೆಗಳಿಗೂ ಒಂದು ಡಿಗ್ರಿ ಡ್ರಾಫ್ಟ್ ಕೊಟ್ಟಿದ್ದೇನೆ. ಆದರೂ ಅಂಡರ್‌ಕಟ್ ಇದೆ, ಪಾರ್ಟಿಂಗ್ ಲೈನ್ ಬದಲಾಗುತ್ತದೆ ಅಂತ ಮೋಲ್ಡ್ ಮಾಡುವವರು ಹೇಳುತ್ತಾರಲ್ಲ, ಏಕೆ?”

ಡ್ರಾಫ್ಟ್ ಮತ್ತು ಅಂಡರ್‌ಕಟ್ ಎಂಬುವು ಒಂದೇ ಅಳತೆಯ ಎರಡು ಬದಿಗಳು. ಮೋಲ್ಡ್ ತೆರೆದುಕೊಳ್ಳುವುದು ಒಂದೇ ದಿಕ್ಕಿನಲ್ಲಿ. ಪಾರ್ಟಿನ ಪ್ರತಿಯೊಂದು ಮೈಯೂ ಆ ದಿಕ್ಕಿಗೆ ಎಷ್ಟು ಓರೆಯಾಗಿದೆ ಎಂದು ಅಳೆದರೆ, ಮೋಲ್ಡ್‌ನ ಉಕ್ಕು ಸಲೀಸಾಗಿ ಬಿಟ್ಟುಕೊಡುವ ಕಡೆಗೆ ಓರೆ ಇದ್ದಲ್ಲಿ ಅದು ಡ್ರಾಫ್ಟ್, ನೆಟ್ಟಗೆ ನಿಂತಿದ್ದರೆ ಸೊನ್ನೆ, ಉಕ್ಕಿಗೆ ಅಡ್ಡ ಬರುವ ಕಡೆಗೆ ಓರೆ ಇದ್ದರೆ ಅದೇ ಅಂಡರ್‌ಕಟ್. ಒಂದು ನಿಂಬೆಹಣ್ಣನ್ನು ಮೋಲ್ಡ್‌ನಲ್ಲಿ ಮಾಡಬೇಕೆಂದುಕೊಳ್ಳಿ. ಅದರ ನಡುಸುತ್ತಿನ ಕೆಳಗಿನ ಭಾಗ ಒಂದು ಅಚ್ಚಿನಿಂದ, ಮೇಲಿನ ಭಾಗ ಇನ್ನೊಂದು ಅಚ್ಚಿನಿಂದ ಸುಲಭವಾಗಿ ಹೊರಬರುತ್ತದೆ. ಆ ನಡುಸುತ್ತೇ ಪಾರ್ಟಿಂಗ್ ಲೈನ್. ಅದನ್ನು ಒಂದು ಮಿಲಿಮೀಟರ್ ಮೇಲಕ್ಕೆ ಸರಿಸಿದರೂ ಕೆಳಗಿನ ಅಚ್ಚಿನ ಬಾಯಿ ಹಣ್ಣಿನ ಹೊಟ್ಟೆಗಿಂತ ಕಿರಿದಾಗಿ, ಹಣ್ಣು ಒಳಗೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಪಾರ್ಟಿಂಗ್ ಲೈನ್ ಎಂಬುದು ಡಿಸೈನ್ ಮಾಡುವವರು ಮನಬಂದಲ್ಲಿ ಎಳೆಯುವ ಗೆರೆಯಲ್ಲ. ಓರೆಯ ದಿಕ್ಕು ಎಲ್ಲಿ ಬದಲಾಗುತ್ತದೋ ಅಲ್ಲಿಗೆ ಅದು ಹೋಗಲೇಬೇಕು.

ಮನೆಯ ಬಚ್ಚಲಲ್ಲೇ ಇದಕ್ಕೆ ಸಾಕ್ಷಿ ಇದೆ. ಬಕೆಟ್‌ಗಳು ಒಂದರೊಳಗೊಂದು ಕೂರುವುದು ಅವುಗಳ ಗೋಡೆಗೆ ಡ್ರಾಫ್ಟ್ ಇರುವುದರಿಂದ. ಪ್ಲಾಸ್ಟಿಕ್ ಬಿಂದಿಗೆಗಳು ಹಾಗೆ ಕೂರುವುದಿಲ್ಲ, ಏಕೆಂದರೆ ಅವುಗಳ ಹೊಟ್ಟೆ ದಪ್ಪ, ಕೊರಳು ಸಣ್ಣ. ಒಳಮೈಯನ್ನು ರೂಪಿಸುವ ಉಕ್ಕಿನ ಅಚ್ಚು, ಅಂದರೆ ಕೋರ್, ಆ ಕೊರಳಿನಿಂದ ಹೊರಬರಲಾರದು. ಅದಕ್ಕೇ ಬಿಂದಿಗೆಯನ್ನು ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ ಮಾಡದೆ, ಗಾಳಿ ಊದಿ ಬ್ಲೋ ಮೋಲ್ಡಿಂಗ್‌ನಲ್ಲಿ ಮಾಡುತ್ತಾರೆ.

ಈಗ ನನ್ನ ಬಳಿಗೆ ಬಂದ ಒಂದು ಪೆಟ್ಟಿಗೆಯನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಇಂಥದ್ದೇ ಪೆಟ್ಟಿಗೆ ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಮತ್ತೆ ಮತ್ತೆ ಬರುತ್ತಿರುತ್ತದೆ. ಎಬಿಎಸ್ ಪ್ಲಾಸ್ಟಿಕ್, ಬಾಯಿಯ ಬಳಿ 100 ಮಿ.ಮೀ. ಉದ್ದ, 70 ಮಿ.ಮೀ. ಅಗಲ, ಆಳ 40, ಗೋಡೆಯ ದಪ್ಪ 2.5. ತಳದಿಂದ 5 ಮಿ.ಮೀ. ಮೇಲೆ 62 ಮಿ.ಮೀ. ಅಗಲದ ಸರ್ಕ್ಯೂಟ್ ಬೋರ್ಡ್ ಕೂರಬೇಕು. ಒಂದು ಪಕ್ಕದ ಗೋಡೆಯಲ್ಲಿ ಕೇಬಲ್ ಹೋಗಲು 12 ಮಿ.ಮೀ. ವ್ಯಾಸದ ತೂತು, ಅದರ ಕೇಂದ್ರ ಬಾಯಿಯಿಂದ 14 ಮಿ.ಮೀ. ಕೆಳಗೆ. ಎಲ್ಲ ಗೋಡೆಗಳಿಗೂ ಒಂದು ಡಿಗ್ರಿ ಡ್ರಾಫ್ಟ್ ಇತ್ತು.

ಒಂದು ಡಿಗ್ರಿ ಎಂದರೆ 40 ಮಿ.ಮೀ. ಆಳಕ್ಕೆ ಪ್ರತಿ ಬದಿಯಲ್ಲೂ ಸುಮಾರು 0.7 ಮಿ.ಮೀ. ಒಳಕ್ಕೆ ಸರಿಯುವುದು. ಬಾಯಲ್ಲಿ 70 ಇರುವ ಅಗಲ ತಳದಲ್ಲಿ 68.6 ಆಗುತ್ತದೆ. ಗೋಡೆಯ ಒಳಮೈ ಹೊರಮೈ ಎರಡಕ್ಕೂ ಒಂದೇ ಓರೆ ಕೊಡಬೇಕು. ಒಳಗೆ ಮಾತ್ರ ಕೊಟ್ಟರೆ ಗೋಡೆ ತಳದ ಬಳಿ 3.2 ಮಿ.ಮೀ. ದಪ್ಪವಾಗಿ, ಅಲ್ಲಿ ಪ್ಲಾಸ್ಟಿಕ್ ನಿಧಾನವಾಗಿ ಆರುತ್ತಾ ಹೊರಮೈ ಕುಳಿಬೀಳುತ್ತದೆ. ಆರುವಾಗ ಎಬಿಎಸ್ ಶೇಕಡಾ ಅರ್ಧದ ಆಸುಪಾಸು ಕುಗ್ಗುತ್ತದೆ. ಆ ಕುಗ್ಗುವಿಕೆಯಿಂದ ಪೆಟ್ಟಿಗೆ ಹೊರಮೈಯನ್ನು ರೂಪಿಸುವ ಅಚ್ಚಿನಿಂದ, ಅಂದರೆ ಕ್ಯಾವಿಟಿಯಿಂದ, ತುಸು ಬಿಡಿಸಿಕೊಂಡು, ಒಳಗಿನ ಕೋರ್‌ಗೆ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಇದು ನಮಗೆ ಬೇಕಾದದ್ದೇ, ಏಕೆಂದರೆ ತಳ್ಳುವ ಎಜೆಕ್ಟರ್ ಪಿನ್‌ಗಳು ಇರುವುದು ಕೋರ್ ಕಡೆಯ ಅರ್ಧದಲ್ಲಿ. ಪೀಸು ಕ್ಯಾವಿಟಿ ಕಡೆ ಉಳಿದುಕೊಂಡರೆ ತಳ್ಳಲು ಅಲ್ಲಿ ಏನೂ ಇರುವುದಿಲ್ಲ. ಆಪರೇಟರ್ ಹಿತ್ತಾಳೆಯ ಕಡ್ಡಿ ಹಿಡಿದು ಕೀಳುತ್ತಾ ಕೂರಬೇಕಾಗುತ್ತದೆ.

ಇಷ್ಟರಮಟ್ಟಿಗೆ ಒಂದು ಡಿಗ್ರಿ ಸಾಕಿತ್ತು. ಆದರೆ ಡ್ರಾಯಿಂಗ್‌ನ ಮೂಲೆಯಲ್ಲಿ, ಹೊರಮೈಗೆ 0.05 ಮಿ.ಮೀ. ಆಳದ ಟೆಕ್ಸ್ಚರ್ ಬೇಕು ಎಂಬ ಒಂದು ಸಾಲು ಇತ್ತು. ಟೆಕ್ಸ್ಚರ್ ಎಂದರೆ ಗೋಡೆಯ ಮೇಲೆ ಹರಡಿದ ಸಾವಿರಾರು ಪುಟ್ಟ ಗುಳಿಗಳು, ಅಂದರೆ ಸಾವಿರಾರು ಪುಟ್ಟ ಅಂಡರ್‌ಕಟ್‌ಗಳು. ಗೋಡೆ ಸಾಕಷ್ಟು ಓರೆಯಾಗಿದ್ದರೆ ಮೋಲ್ಡ್ ತೆರೆದ ಕೂಡಲೇ ಪ್ಲಾಸ್ಟಿಕ್ ಆ ಗುಳಿಗಳಿಂದ ದೂರ ಸರಿಯುತ್ತದೆ; ಇಲ್ಲದಿದ್ದರೆ ಉಜ್ಜಿಕೊಂಡು ಬಂದು, ತೆರೆಯುವ ದಿಕ್ಕಿನಲ್ಲೇ ಬಿಳಿಚಿದ ಗೀರುಗಳು ಮೂಡುತ್ತವೆ. ಗೀರುಗಳು ಎಲ್ಲ ಪೀಸಿನಲ್ಲೂ ಒಂದೇ ದಿಕ್ಕಿಗಿದ್ದರೆ ಕಾರಣ ಇದೇ ಎಂದು ನೋಡಿದೊಡನೆ ಹೇಳಬಹುದು. ಪ್ರತಿ 0.025 ಮಿ.ಮೀ. ಆಳಕ್ಕೆ ಒಂದರಿಂದ ಒಂದೂವರೆ ಡಿಗ್ರಿ ಹೆಚ್ಚು ಓರೆ ಕೊಡುವುದು ನಮ್ಮ ಕೆಲಸದಲ್ಲಿ ರೂಢಿ. ಆ ಲೆಕ್ಕದಲ್ಲಿ ಈ ಪೆಟ್ಟಿಗೆಗೆ ಕಡಿಮೆಯೆಂದರೂ ಮೂರು ಡಿಗ್ರಿ ಬೇಕು. ಮೂರು ಡಿಗ್ರಿಯಾದರೆ ತಳದ ಹೊರ ಅಗಲ 65.8ಕ್ಕೆ ಇಳಿಯುತ್ತದೆ, ಬೋರ್ಡ್ ಕೂರುವ ಎತ್ತರದಲ್ಲಿ ಒಳ ಅಗಲ 61.3 ಮಾತ್ರ. 62 ಮಿ.ಮೀ. ಬೋರ್ಡ್ ಅಲ್ಲಿ ಕೂರುವುದಿಲ್ಲ. ಡ್ರಾಫ್ಟ್ ಅನ್ನು ಕೊನೆಯಲ್ಲಿ ಸೇರಿಸಿದರಾಯಿತು ಎನ್ನುವವರಿಗೆ ನಾನು ಈ ಲೆಕ್ಕವನ್ನೇ ಬರೆದು ತೋರಿಸುವುದು. ಕೊನೆಗೆ ಟೆಕ್ಸ್ಚರ್ ಅನ್ನು 0.025ಕ್ಕೆ ಇಳಿಸಿ, ಡ್ರಾಫ್ಟ್ ಎರಡು ಡಿಗ್ರಿ ಮಾಡಿ, ಬಾಯಿಯ ಅಗಲವನ್ನು ಒಂದು ಮಿಲಿಮೀಟರ್ ಹೆಚ್ಚಿಸಿದೆವು.

ಇನ್ನು ಆ ತೂತು. ಅದನ್ನು ರೂಪಿಸಲು ಅಲ್ಲಿ ಉಕ್ಕಿನ ಒಂದು ಗುಂಡು ತುದಿ ಗೋಡೆಯನ್ನು ದಾಟಿ ನಿಂತಿರಬೇಕು. ಆ ತುದಿ ಕೋರ್‌ನ ಭಾಗವಾಗಿದ್ದರೆ, ಹೊರಬರುವಾಗ ಬಾಯಿಯ ಕಡೆಯ ಗೋಡೆಗೆ ಬಡಿಯುತ್ತದೆ. ಕ್ಯಾವಿಟಿಯ ಭಾಗವಾಗಿದ್ದರೆ ತಳದ ಕಡೆಯ ಗೋಡೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಗೋಡೆಗೆ ಎರಡು ಡಿಗ್ರಿ ಕೊಟ್ಟರೂ ಮೂರು ಕೊಟ್ಟರೂ ಇದು ತಪ್ಪದು. ಹಾಗಾಗಿ ಆ ತುದಿ ಪಕ್ಕಕ್ಕೆ ಸರಿಯಬೇಕು, ಅದೇ ಸ್ಲೈಡರ್.

ಸ್ಲೈಡರ್ ಬಂತೆಂದರೆ ಪಾರ್ಟಿಂಗ್ ಲೈನ್ ಮೊದಲಿನಂತೆ ಇರುವುದಿಲ್ಲ, ಮತ್ತು ಗ್ರಾಹಕರಿಗೆ ಅಚ್ಚರಿಯಾಗುವುದು ಇಲ್ಲಿಯೇ. ತೂತಿನಷ್ಟೇ ಗಾತ್ರದ ಕಡ್ಡಿ ಮಾತ್ರ ಸರಿದರೆ ಸಾಕಲ್ಲವೇ ಎಂದು ಅವರು ಕೇಳುತ್ತಾರೆ. ಸಾಮಾನ್ಯ ಜೋಡಣೆಯಲ್ಲಿ ಸ್ಲೈಡರ್ ಕೋರ್ ಕಡೆಯ ತಟ್ಟೆಯ ಮೇಲೆ ಕುಳಿತು ಸರಿಯುತ್ತದೆ, ಅದನ್ನು ಎಳೆಯುವ ಓರೆ ಕಂಬ, ನಾವು ಫಿಂಗರ್ ಕ್ಯಾಮ್ ಎನ್ನುವುದು, ಕ್ಯಾವಿಟಿ ಕಡೆ ಇರುತ್ತದೆ. ತೂತು ಬಾಯಿಯಿಂದ 14 ಮಿ.ಮೀ. ಕೆಳಗಿರುವುದರಿಂದ, ಬಾಯಿಯಿಂದ ಹಿಡಿದು ತೂತಿನ ಕೆಳಗಿನವರೆಗಿನ ಗೋಡೆಯ ಒಂದು ತುಂಡನ್ನೂ ಸ್ಲೈಡರೇ ಹೊತ್ತುಕೊಳ್ಳಬೇಕಾಗುತ್ತದೆ. ಬಾಯಿಯ ಸುತ್ತ ನೆಟ್ಟಗೆ ಹೋಗುತ್ತಿದ್ದ ಪಾರ್ಟಿಂಗ್ ಲೈನ್ ಅಲ್ಲಿ ಕೆಳಗಿಳಿದು, ತೂತನ್ನು ಬಳಸಿ, ಮತ್ತೆ ಮೇಲೇರುತ್ತದೆ. ಗೋಡೆಯ ನಡುವೆ ಕಿಟಕಿಯಂಥ ಗೆರೆಯೊಂದು ಕಾಣುತ್ತದೆ. ಟೆಕ್ಸ್ಚರ್ ಇರುವ ಗೋಡೆಯಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ಇದಕ್ಕೆ ಒಳ್ಳೆಯ ಪರಿಹಾರವೆಂದರೆ ಸ್ಲೈಡರ್ ಅನ್ನು ಚಿಕ್ಕದು ಮಾಡುವುದಲ್ಲ, ದೊಡ್ಡದು ಮಾಡುವುದು: ಆ ಪಕ್ಕದ ಇಡೀ ಗೋಡೆಯನ್ನೇ ಸ್ಲೈಡರ್‌ಗೆ ಕೊಟ್ಟರೆ ಗೆರೆ ಪೆಟ್ಟಿಗೆಯ ಮೂಲೆಗಳ ಮೇಲೆ ಬಂದು ಕಣ್ಣಿಗೆ ಬೀಳುವುದಿಲ್ಲ. ಮೂಲೆಗೆ ದೊಡ್ಡ ದುಂಡು ಕೊಟ್ಟಿದ್ದರೆ ಮಾತ್ರ ಈ ಉಪಾಯವೂ ಅರ್ಧಕ್ಕೆ ನಿಲ್ಲುತ್ತದೆ.

ಸ್ಲೈಡರ್ ಸರಿಯಬೇಕಾದ ದೂರ ಗೋಡೆಯ 2.5 ಮಿ.ಮೀ. ಜೊತೆಗೆ ಎರಡು ಮೂರು ಮಿ.ಮೀ. ಸಡಿಲ, ಸುಲಭಕ್ಕೆ 6 ಎನ್ನೋಣ. ಫಿಂಗರ್ ಕ್ಯಾಮ್ 18 ಡಿಗ್ರಿ ಓರೆಯಾಗಿದ್ದರೆ, ಮೋಲ್ಡ್ ಸುಮಾರು 18.5 ಮಿ.ಮೀ. ತೆರೆಯುವಷ್ಟರಲ್ಲಿ ಸ್ಲೈಡರ್ ಪೂರ್ತಿ ಹಿಂದೆ ಸರಿದಿರುತ್ತದೆ. ಅದರ ಬೆನ್ನಿಗೆ ಒತ್ತಿ ನಿಲ್ಲುವ ಹೀಲ್ ಬ್ಲಾಕ್‌ಗೆ ಎರಡು ಮೂರು ಡಿಗ್ರಿ ಹೆಚ್ಚು ಓರೆ ಕೊಡಬೇಕು, ಇಲ್ಲದಿದ್ದರೆ ಮೋಲ್ಡ್ ತೆರೆಯುವಾಗ ಬ್ಲಾಕೇ ಸ್ಲೈಡರ್‌ಗೆ ಅಡ್ಡವಾಗುತ್ತದೆ.

ಸ್ಲೈಡರ್ ಇಲ್ಲದೆ ಮಾಡುವ ಹಾದಿಯೂ ಇದೆ. ತೂತನ್ನು ಬಾಯಿಯವರೆಗೆ ತೆರೆದು ಯು ಆಕಾರದ ಸೀಳು ಮಾಡಿದರೆ, ಕೋರ್ ಕಡೆಯ ಉಕ್ಕಿನ ನಾಲಿಗೆಯೊಂದು ಮೇಲಿನಿಂದ ಇಳಿದು ಅದನ್ನು ತುಂಬುತ್ತದೆ; ತೂತಿನ ಮೇಲಿನ ಅರ್ಧವನ್ನು ಮುಚ್ಚಳಕ್ಕೆ ಕೊಡಬಹುದು. ಪಾರ್ಟಿಂಗ್ ಲೈನ್ ಆಗಲೂ ಸೀಳಿನ ಅಂಚಿನಗುಂಟ ಕೆಳಗಿಳಿಯುತ್ತದೆ, ಆದರೆ ಅಲ್ಲಿ ಹೇಗೂ ಒಂದು ಅಂಚು ಇರುವುದರಿಂದ ಬೇರೆ ಗೆರೆ ಕಾಣುವುದಿಲ್ಲ. ಸೀಳಿನ ಪಕ್ಕಗಳಿಗೆ ಮೂರು ಡಿಗ್ರಿ ಓರೆ ಕೊಟ್ಟರೆ ಕೆಳಗೆ 12 ಇರುವ ಅಗಲ ಬಾಯಲ್ಲಿ ಸುಮಾರು 13.5 ಆಗುತ್ತದೆ. ತೋಡು ಇರುವ ರಬ್ಬರ್ ಗ್ರಾಮೆಟ್ ಕೂರಿಸುವುದಾದರೆ ನಾನು ಎರಡು ಯೋಚಿಸದೆ ಇದನ್ನೇ ಆರಿಸುತ್ತೇನೆ. ನಟ್ ಬಿಗಿಯುವ ಕೇಬಲ್ ಗ್ಲ್ಯಾಂಡ್ ಆದರೆ ಸುತ್ತಲೂ ಗೋಡೆ ಬೇಕು, ಸ್ಲೈಡರ್ ಖರ್ಚು ಒಪ್ಪಿಕೊಳ್ಳಲೇಬೇಕು.

ಗೋಡೆಯನ್ನೇ ಚೆನ್ನಾಗಿ ಓರೆ ಮಾಡಿದರೆ ಸ್ಲೈಡರ್ ತಪ್ಪುವುದಿಲ್ಲವೇ ಎಂದು ಕೆಲವರು ಜಾಣತನದಿಂದ ಕೇಳುತ್ತಾರೆ. ತಪ್ಪುತ್ತದೆ, ಆದರೆ ಆಗ ತೂತಿನ ಮೇಲಿನ ಗೋಡೆಯ ಒಳಮೈ, ಕೆಳಗಿನ ಗೋಡೆಯ ಹೊರಮೈಗಿಂತ ಆಚೆಗಿರಬೇಕು. 12 ಮಿ.ಮೀ. ಎತ್ತರದ ಚೌಕ ಕಿಂಡಿಗೆ, 2.5 ಮಿ.ಮೀ. ದಪ್ಪದ ಗೋಡೆಯಲ್ಲಿ, ಲೆಕ್ಕಕ್ಕೆ 12 ಡಿಗ್ರಿ ಸಾಕು. ಎರಡು ಉಕ್ಕುಗಳು ಒಂದಕ್ಕೊಂದು ತಾಗುವ ಮೈಗೂ ಐದು ಡಿಗ್ರಿ ಓರೆ ಕೊಟ್ಟರೆ 17 ಆಗುತ್ತದೆ. ಗುಂಡು ತೂತಿಗೆ ಇದು ನಡೆಯದು, ಏಕೆಂದರೆ ಗುಂಡಿನ ಎರಡು ಪಕ್ಕಗಳಲ್ಲಿ ಎತ್ತರ ಸೊನ್ನೆಗೆ ಇಳಿಯುತ್ತದೆ.

ನಮ್ಮ ಪೆಟ್ಟಿಗೆಗೆ ಗ್ರಾಮೆಟ್ ಸಾಕಿತ್ತು, ಸೀಳನ್ನೇ ಮಾಡಿದೆವು. ಸೀಳಿನ ಪಕ್ಕಗಳಿಗೆ ಮೂರು ಡಿಗ್ರಿ ಕೊಟ್ಟ ನಾನು, ನಾಲಿಗೆಯ ಹೊರಮುಖ ಕ್ಯಾವಿಟಿಯ ಗೋಡೆಗೆ ತಾಗುವಲ್ಲಿ ಗೋಡೆಯ ಎರಡು ಡಿಗ್ರಿಯನ್ನೇ ಹಾಗೇ ಬಿಟ್ಟಿದ್ದೆ. ನೀಲಿ ಬಣ್ಣ ಹಚ್ಚಿ ಮ್ಯಾಚಿಂಗ್ ನೋಡಿದಾಗ ಎಲ್ಲ ಕಡೆಯೂ ತಾಗಿತ್ತು, ಮೊದಲ ಟ್ರಯಲ್ ಪೀಸುಗಳೂ ಚೊಕ್ಕವಾಗಿದ್ದವು. ಕೆಲವು ತಿಂಗಳ ನಂತರ ಸೀಳಿನ ಅಂಚಿನಲ್ಲಿ ಸಂದಿಗೆ ನುಗ್ಗಿದ ಪ್ಲಾಸ್ಟಿಕ್ ಈರುಳ್ಳಿ ಸಿಪ್ಪೆಯಂಥ ಫ್ಲ್ಯಾಶ್ ಆಗಿ ಬರತೊಡಗಿತು. ಮೋಲ್ಡ್ ಇಳಿಸಿ ನೋಡಿದರೆ, ಪ್ರತಿ ಸಲ ಮುಚ್ಚುವಾಗಲೂ ಉಕ್ಕಿಗೆ ಉಕ್ಕು ಉಜ್ಜಿ ನಾಲಿಗೆಯ ಮುಖದಲ್ಲಿ ಉದ್ದುದ್ದ ಗೀರುಗಳು ಬಿದ್ದಿದ್ದವು. ನಾಲಿಗೆಯನ್ನು ಬೇರೆ ಇನ್ಸರ್ಟ್ ಆಗಿ ಮಾಡಿ, ಅದು ತಾಗುವ ಜಾಗದಲ್ಲಿ ಮಾತ್ರ ಗೋಡೆಗೆ ಐದು ಡಿಗ್ರಿ ಕೊಟ್ಟು ಮತ್ತೆ ಕೂರಿಸಿದೆವು. ಪೆಟ್ಟಿಗೆಯ ಹೊರಮೈಯಲ್ಲಿ ಸೀಳಿನ ಸುತ್ತ ಸಣ್ಣದೊಂದು ತಗ್ಗು ಉಳಿಯಿತು. ಗ್ರಾಮೆಟ್‌ನ ಅಂಚು ಅದನ್ನು ಮುಚ್ಚುತ್ತದೆ.