ಇದು ಯಾರ ಮಾತು ಮಾರಾಯ್ತಿ?

ಮಂಗಳೂರಿನ ಒಂದು ಸಣ್ಣ ಪ್ರಕಾಶನದಲ್ಲಿ ನನ್ನ ಕೆಲಸ. ಊರಿನ ಚರಿತ್ರೆ, ಸಂಘ ಸಂಸ್ಥೆಗಳ ಸ್ಮರಣ ಸಂಚಿಕೆ, ಇಂಥದ್ದನ್ನೆಲ್ಲ ಓದಿ, ಜನರನ್ನು ಮಾತಾಡಿಸಿ, ಬರೆದು ಕೊಡುವುದು. ಎರಡು ವರ್ಷದ ಹಿಂದೆ ಹೆಂಚಿನ ಕಾರ್ಖಾನೆಗಳ ಬಗ್ಗೆ ಒಂದು ಅಧ್ಯಾಯ ಬರೆದಿದ್ದೆ. ನಮ್ಮಲ್ಲಿ ಪ್ರೂಫ್ ನೋಡುವ ಒಬ್ಬರು ಹಿರಿಯರಿದ್ದಾರೆ, ಎಲ್ಲರೂ ಮಾಸ್ಟ್ರು ಅಂತಲೇ ಕರೆಯುವುದು. ಅವರು ನಾಲ್ಕನೇ ಪುಟದ ಒಂದು ವಾಕ್ಯಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಕೇಳಿದರು.

"ಇದು ಯಾರ ಮಾತು ಮಾರಾಯ್ತಿ?"

"ನಂದೇ ಮಾಸ್ಟ್ರೇ."

ಮರುದಿನ ಅವರು ಮನೆಯಿಂದ ಒಂದು ಹಳೆಯ ಸಂಚಿಕೆ ತಂದು ನನ್ನ ಮೇಜಿನ ಮೇಲೆ ಇಟ್ಟರು. ಅದರಲ್ಲಿ ಒಬ್ಬರು ನಿವೃತ್ತ ಉಪನ್ಯಾಸಕರ ಲೇಖನ ಇತ್ತು, ನನ್ನ ವಾಕ್ಯ ಅದರೊಳಗೆ ಹೆಚ್ಚುಕಡಿಮೆ ಹಾಗೆಯೇ ಕೂತಿತ್ತು. ನಾನು ಸುಳ್ಳು ಹೇಳಿರಲಿಲ್ಲ. ನನ್ನದೇ ಅಂತ ನಿಜವಾಗಿ ನಂಬಿದ್ದೆ. ಆ ಲೇಖನ ಓದಿದ್ದು ಮೂರು ತಿಂಗಳ ಹಿಂದೆ. ಆಗ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಿದ್ದೆ, ಆದರೆ ಉದ್ಧರಣ ಚಿಹ್ನೆಯೂ ಇಲ್ಲ, ಪುಟದ ಸಂಖ್ಯೆಯೂ ಇಲ್ಲ. ಅದರ ಕೆಳಗೇ ನನ್ನದೊಂದು ಯೋಚನೆ, ಅದೇ ಶಾಯಿ, ಅದೇ ಕೈಬರಹ. ಮೂರು ತಿಂಗಳು ಕಳೆದ ಮೇಲೆ ಯಾವುದು ಯಾರದ್ದು ಅಂತ ನನಗೇ ಗೊತ್ತಾಗಲಿಲ್ಲ. ತಪ್ಪು ಆದದ್ದು ಅಧ್ಯಾಯ ಬರೆಯುವಾಗ ಅಲ್ಲ, ನೋಟ್ಸ್ ಮಾಡಿಕೊಂಡ ಆ ಮಧ್ಯಾಹ್ನವೇ.

ಆ ವಾಕ್ಯವನ್ನು ಇಲ್ಲಿ ಬಿಡಿಸಿ ತೋರಿಸುತ್ತೇನೆ. ಮೂಲದ ಮಾತನ್ನು ಉದಾಹರಣೆಗೆ ಬೇಕಾದ ಹಾಗೆ ಬದಲಾಯಿಸಿದ್ದೇನೆ, ಆದರೆ ಆದ ತಪ್ಪಿನ ಆಕಾರ ಇದೇ. ಮೂಲ ಹೀಗಿತ್ತು ಅಂತ ಇಟ್ಟುಕೊಳ್ಳಿ: "ನದಿ ದಂಡೆಯ ಆವೆಮಣ್ಣು, ಗುಡ್ಡದ ಕಟ್ಟಿಗೆ, ಬಂದರಿನ ಹಡಗು, ಈ ಮೂರೂ ಒಂದೇ ಕಡೆ ಸಿಕ್ಕಿದ್ದರಿಂದಲೇ ಹೆಂಚಿನ ಉದ್ಯಮ ಮಂಗಳೂರಿನಲ್ಲಿ ಬೇರೂರಿತು."

ನಾನು ಬರೆದದ್ದು: ನದಿ ತೀರದ ಜೇಡಿಮಣ್ಣು, ಕಾಡಿನ ಸೌದೆ, ಬಂದರಿನ ನೌಕೆ, ಈ ಮೂರು ಒಟ್ಟಿಗೆ ಇದ್ದದ್ದರಿಂದ ಹೆಂಚು ಉದ್ಯಮ ಇಲ್ಲಿ ನೆಲೆಯೂರಿತು.

ದಂಡೆ ಹೋಗಿ ತೀರ ಬಂತು, ಕಟ್ಟಿಗೆ ಹೋಗಿ ಸೌದೆ ಬಂತು. ವಾಕ್ಯದ ಎಲುಬು ಮಾತ್ರ ಅದೇ. ಮೂರು ವಸ್ತು, ಅದೇ ಕ್ರಮ, ಆಮೇಲೆ ಅದೇ "ಈ ಮೂರೂ", ಕೊನೆಗೆ ಅದೇ ತೀರ್ಮಾನ. ಇದಕ್ಕೆ ಕೆಳಗೆ ಲೇಖಕರ ಹೆಸರು ಹಾಕಿದ್ದರೂ ಸರಿಯಾಗುತ್ತಿರಲಿಲ್ಲ. ಉದ್ಧರಣ ಚಿಹ್ನೆ ಇಲ್ಲ ಅಂದರೆ ಓದುವವರು ಮಾತಿನ ಜೋಡಣೆ ನನ್ನದು ಅಂದುಕೊಳ್ಳುತ್ತಾರೆ, ಅಲ್ವಾ? ಅದು ನನ್ನದಾಗಿರಲಿಲ್ಲ. ಮೂಲವನ್ನು ಕಣ್ಣೆದುರು ಇಟ್ಟುಕೊಂಡು ಪದ ಬದಲಾಯಿಸುತ್ತಾ ಹೋದರೆ ಯಾವಾಗಲೂ ಹೀಗೇ ಆಗುವುದು.

ಈಗ ನಾನು ಮಾಡುವುದು ಬೇರೆ. ಓದುತ್ತೇನೆ, ಪುಸ್ತಕ ಮುಚ್ಚುತ್ತೇನೆ, ಪಕ್ಕದವರಿಗೆ ಹೇಳಬೇಕಾದರೆ ಹೇಗೆ ಹೇಳುತ್ತಿದ್ದೆ ಅಂತ ಯೋಚಿಸಿ ಬರೆಯುತ್ತೇನೆ. ಆಮೇಲೆ ಪುಸ್ತಕ ತೆರೆದು ಎರಡು ವಿಷಯ ನೋಡುತ್ತೇನೆ. ಅರ್ಥ ತಿರುಚಿ ಹೋಗಿದೆಯಾ? ಮೂಲದ ಪದಗಳೋ ಅದರ ಕ್ರಮವೋ ನನಗೆ ಗೊತ್ತಿಲ್ಲದೆ ಒಳಗೆ ಬಂದಿದೆಯಾ? ಬಂದಿದ್ದರೆ, ಆ ಪದ ಬಿಡಲಾಗದಷ್ಟು ಚೆನ್ನಾಗಿದ್ದರೆ, ಅದೊಂದನ್ನು ಚಿಹ್ನೆಯೊಳಗೆ ಹಾಕುತ್ತೇನೆ. ಇಲ್ಲದಿದ್ದರೆ ಮತ್ತೆ ಬರೆಯುತ್ತೇನೆ. ಹಾಗೆ ಮಾಡಿದಾಗ ಆ ವಾಕ್ಯ ಹೀಗಾಯಿತು:

ಹೆಂಚಿನ ಕಾರ್ಖಾನೆಗಳು ಮಂಗಳೂರಿನಲ್ಲೇ ಯಾಕೆ ಬೆಳೆದವು ಎಂಬುದಕ್ಕೆ ಈ ಲೇಖಕರು ಕೊಡುವ ಕಾರಣ ಭೂಗೋಳದ್ದು. ಕಚ್ಚಾ ಮಾಲಿಗಾಗಲಿ, ಉರುವಲಿಗಾಗಲಿ, ಸಾಗಾಟಕ್ಕಾಗಲಿ ದೂರ ಹೋಗಬೇಕಾಗಿರಲಿಲ್ಲ ಎಂದು ಅವರು ವಾದಿಸುತ್ತಾರೆ (ಹೆಸರು, ವರ್ಷ, ಪುಟ).

ಇಲ್ಲಿ ಮಾತು ನನ್ನದು, ವಿಚಾರ ಅವರದ್ದು. ಹಾಗಾಗಿ ಉದ್ಧರಣ ಚಿಹ್ನೆ ಬೇಡ, ಹೆಸರು ಬೇಕು. ಮಾತು ಬದಲಾದ ಕೂಡಲೇ ಋಣ ತೀರಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಾನೂ ಅಂದುಕೊಂಡಿದ್ದೆ.

ನನಗೆ ನಿಜವಾಗಿ ಲಾಭ ಆದದ್ದು ಆಮೇಲಿನ ಹೆಜ್ಜೆಯಲ್ಲಿ. ಅವರ ವಾದವನ್ನು ಹೀಗೆ ಬೇರೆ ಮಾಡಿ ಇಟ್ಟಾಗ ಅದನ್ನು ಪ್ರಶ್ನೆ ಮಾಡಲು ಜಾಗ ಸಿಕ್ಕಿತು. ನದಿಯ ಮಣ್ಣು, ಗುಡ್ಡದ ಕಟ್ಟಿಗೆ, ಬಂದರು, ಇವು ಇಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ನಿನವರು 1834ರಲ್ಲಿ ಇಲ್ಲಿಗೆ ಬರುವ ಎಷ್ಟೋ ಮೊದಲೇ ಇದ್ದವು. ಹಾಗಾದರೆ ಕಾರ್ಖಾನೆ 1860ರ ದಶಕದಲ್ಲೇ ಯಾಕೆ ಶುರುವಾಯಿತು? ಭೂಗೋಳ ಒಂದೇ ಸಾಕಾಗುವುದಿಲ್ಲ, ಯಂತ್ರದಲ್ಲಿ ಒತ್ತಿ ಹೆಂಚು ಮಾಡುವ ವಿಧಾನ ಮತ್ತು ಅದನ್ನು ತಂದು ನಡೆಸಿದ ಮಿಷನ್ ಕೂಡ ಲೆಕ್ಕಕ್ಕೆ ಬರಬೇಕು ಎಂದು ನಾನು ಬರೆದೆ. ಇದು ನನ್ನ ವಿಶ್ಲೇಷಣೆ. ಮೊದಲ ಕರಡಿನಲ್ಲಿ ಅವರ ಮಾತು ನನ್ನ ಮಾತಿನ ವೇಷದಲ್ಲಿ ಇದ್ದದ್ದರಿಂದ ನಾನು ಅದನ್ನು ಪ್ರಶ್ನೆ ಮಾಡಲೇ ಇಲ್ಲ. ಇದು ನನಗೆ ತುಂಬಾ ಚುಚ್ಚಿದ ವಿಷಯ.

ಇನ್ನು ಕನ್ನಡದ್ದೇ ಆದ ಒಂದು ತೊಡಕು ಉಂಟು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಎಂದು ಅವರು ಹೇಳುತ್ತಾರೆ" ಅನ್ನುವುದು ಐದು ಸಾಲು ದಾಟಿದ ಮೇಲೆ ಬರಬಹುದು. ಅಲ್ಲಿವರೆಗೆ ಓದುವವರು ಅದನ್ನು ನನ್ನ ಮಾತು ಅಂತಲೇ ಓದುತ್ತಾ ಬಂದಿರುತ್ತಾರೆ. ಮೂರು ನಾಲ್ಕು ವಾಕ್ಯದ ಸಾರಾಂಶ ಕೊಟ್ಟು ಕೊನೆಯ ವಾಕ್ಯದಲ್ಲಿ ಮಾತ್ರ ಹೆಸರು ಹಾಕಿದರೆ ಇನ್ನೂ ಕಷ್ಟ, ಆ ಹೆಸರು ಕೊನೆಯ ವಾಕ್ಯಕ್ಕೆ ಮಾತ್ರವಾ, ಇಡೀ ಪ್ಯಾರಾಕ್ಕಾ ಅಂತ ಯಾರಿಗೂ ತಿಳಿಯುವುದಿಲ್ಲ. ಅದಕ್ಕೆ ನಾನು ಹೆಸರನ್ನು ಮುಂದೆ ತರುತ್ತೇನೆ, "ಇವರ ಪ್ರಕಾರ" ಅಂತ ಶುರು ಮಾಡಿ, ನಡುವೆ "ಅವರೇ ಮುಂದುವರಿದು" ಅಂತ ಒಮ್ಮೆ ನೆನಪಿಸಿ, ಪುಟದ ಸಂಖ್ಯೆಯನ್ನು ಕೊನೆಗೆ ಹಾಕುತ್ತೇನೆ. ಹೆಸರು ಒಂದು ಬೇಲಿ, ಪುಟದ ಸಂಖ್ಯೆ ಇನ್ನೊಂದು ಬೇಲಿ. ಅದರ ಆಚೆ ನನ್ನ ಮಾತು ಶುರುವಾದರೆ "ನನಗೆ ಕಾಣುವ ಹಾಗೆ" ಅಂತಲೋ "ಆದರೆ ಇಲ್ಲಿ ಒಂದು ಪ್ರಶ್ನೆ" ಅಂತಲೋ ತಿರುವು ಕೊಡುತ್ತೇನೆ, ಆಗುವುದಾದರೆ ಹೊಸ ಪ್ಯಾರಾದಲ್ಲೇ.

"ಎನ್ನಲಾಗಿದೆ", "ಎಂದು ಹೇಳಲಾಗುತ್ತದೆ" ಈ ಎರಡನ್ನು ಈಗ ಕರಡಿನಲ್ಲಿ ಕಂಡರೆ ನಿಂತುಬಿಡುತ್ತೇನೆ. ಯಾರು ಹೇಳಿದ್ದು? ಗೊತ್ತಿದ್ದರೆ ಹೆಸರು ಬರೆಯಬೇಕು. ಗೊತ್ತಿಲ್ಲದಿದ್ದರೆ ಹುಡುಕಬೇಕು. ಸಿಗದಿದ್ದರೆ ಆ ವಾಕ್ಯ ತೆಗೆಯಬೇಕು. ಮೊದಲ ಕರಡಿನಲ್ಲಿ ಇಂಥವು ಒಂಬತ್ತು ಇದ್ದವು, ನಾಲ್ಕು ಉಳಿದವು, ಅದೂ ಹೆಸರಿನ ಜೊತೆ.

ಎಲ್ಲದಕ್ಕೂ ಆಧಾರ ಬೇಕಾ ಅಂತ ಕಿರಿಯರು ಕೇಳುತ್ತಾರೆ. ನೇತ್ರಾವತಿ ಮಂಗಳೂರಿನ ಹತ್ತಿರ ಸಮುದ್ರ ಸೇರುತ್ತದೆ ಅನ್ನಲು ಬೇಡ. ಎಲ್ಲರಿಗೂ ಗೊತ್ತಿರುವ, ಯಾರೂ ತಕರಾರು ಮಾಡದ ವಿಷಯಕ್ಕೆ ಬೇಡ. ಆದರೆ ಮೊದಲ ಹೆಂಚಿನ ಕಾರ್ಖಾನೆ ಶುರುವಾದ ವರ್ಷ ನೋಡಿ. ಕೆಲವು ಕಡೆ 1860 ಅಂತ ಇರುತ್ತದೆ, ಕೆಲವು ಕಡೆ 1865. ಎರಡು ಉತ್ತರ ಇರುವ ಕಡೆ ನಾನು ಒಂದನ್ನು ಆರಿಸಿದರೆ ಯಾರನ್ನು ನಂಬಿ ಆರಿಸಿದೆ ಅಂತ ಹೇಳಲೇಬೇಕು.

ನೋಟ್ಸಿನಲ್ಲಿ ಈಗ ಮೂರೇ ಅಕ್ಷರ ಬಳಸುತ್ತೇನೆ. ಪ್ರತಿ ತುಣುಕಿನ ಎಡಗಡೆ "ಉ" ಅಂದರೆ ಉದ್ಧರಣೆ, ಅಕ್ಷರಕ್ಕೆ ಅಕ್ಷರ ನಕಲು. "ಸಾ" ಅಂದರೆ ಅವರ ವಿಚಾರದ ಸಾರ ನನ್ನ ಮಾತಿನಲ್ಲಿ. "ನ" ಅಂದರೆ ನನ್ನದು. ಮೊದಲ ಎರಡಕ್ಕೆ ಪುಟದ ಸಂಖ್ಯೆ ಆಗಲೇ ಬರೆಯದೆ ಮುಂದೆ ಹೋಗುವುದಿಲ್ಲ. ಕಂಪ್ಯೂಟರಿನಲ್ಲಿ ಕರಡು ಬರೆಯುವಾಗ ಇದೇ ಬಣ್ಣವಾಗುತ್ತದೆ. "ಉ" ಹಳದಿ, "ಸಾ" ಹಸಿರು, ನನ್ನದಕ್ಕೆ ಬಣ್ಣ ಇಲ್ಲ. ಕೊನೆಯ ಪ್ರೂಫ್ ಆಗುವವರೆಗೆ ಬಣ್ಣ ತೆಗೆಯುವುದಿಲ್ಲ, ಯಾಕೆಂದರೆ ವಾಕ್ಯಗಳನ್ನು ಮೇಲೆ ಕೆಳಗೆ ಸರಿಸುವಾಗಲೇ ಆಧಾರ ಕಳಚಿ ಬೀಳುವುದು ಜಾಸ್ತಿ. ಎರಡು ಪುಟ ಪೂರ್ತಿ ಹಸಿರು ಕಂಡರೆ ಅಲ್ಲಿ ನಾನು ಏನೂ ಯೋಚಿಸಿಲ್ಲ ಅಂತ ಅರ್ಥ. ಬಣ್ಣವೇ ಇಲ್ಲದ ಪ್ಯಾರಾದಲ್ಲಿ ಇಸವಿ, ಸಂಖ್ಯೆ, ಕಾರಣಗಳು ತುಂಬಿದ್ದರೆ ಅನುಮಾನ ಪಡುತ್ತೇನೆ, ಅವು ನನ್ನ ತಲೆಯಲ್ಲಿ ಹುಟ್ಟಿರಲು ಸಾಧ್ಯ ಇಲ್ಲ. ಒಂದು ಮಿತಿಯನ್ನೂ ಹೇಳಬೇಕು. ಬಣ್ಣ ಹಾಕುವುದು ನಾನೇ ಆದ್ದರಿಂದ, ನೋಟ್ಸಿನಲ್ಲೇ "ನ" ಅಂತ ತಪ್ಪಾಗಿ ಬಿದ್ದದ್ದನ್ನು ಇದು ಹಿಡಿಯುವುದಿಲ್ಲ. ಅದಕ್ಕೆ ಮಾಸ್ಟ್ರಂಥವರೇ ಬೇಕು.

ಭಾಷೆ ದಾಟುವಾಗ ಇನ್ನೊಂದು ಸಮಸ್ಯೆ. ಇಂಗ್ಲಿಷಿನ ಒಂದು ಸಾಲನ್ನು ನಾನು ಕನ್ನಡಕ್ಕೆ ತಂದರೆ ಪದ ನನ್ನವು, ಹಾಗಂತ ಅದು ನನ್ನ ಮಾತಲ್ಲ. ವಾಕ್ಯಕ್ಕೆ ವಾಕ್ಯ ಅನುವಾದ ಮಾಡಿದ್ದರೆ ಅದು ಉದ್ಧರಣೆಯೇ, ಚಿಹ್ನೆಯೊಳಗೆ ಹಾಕಿ "ಅನುವಾದ ನನ್ನದು" ಅಂತ ಬರೆಯಬೇಕು. ಕನ್ನಡಕ್ಕೆ ಬಂದ ಕೂಡಲೇ ಆಧಾರ ಬೇಡ ಅನ್ನುವ ಅಭ್ಯಾಸವನ್ನು ನಾನು ಎಷ್ಟೋ ಹಸ್ತಪ್ರತಿಗಳಲ್ಲಿ ನೋಡಿದ್ದೇನೆ, ನೋಡಿದಾಗಲೆಲ್ಲ ಬೇಸರವಾಗುತ್ತದೆ.

ತುಳುವಿನ ಕತೆ ಇನ್ನೂ ಸೂಕ್ಷ್ಮ. ಅದೇ ಅಧ್ಯಾಯಕ್ಕೆ ಹೆಂಚಿನ ಕಾರ್ಖಾನೆಯಲ್ಲಿ ದುಡಿದ ಒಬ್ಬರು ಅಜ್ಜನನ್ನು ಮಾತಾಡಿಸಿದ್ದೆ. ಕಾರ್ಖಾನೆ ಮುಚ್ಚಿದ ದಿನದ ಬಗ್ಗೆ ಅವರು "ಬೇಜಾರ್ ಆಂಡ್" ಅಂದರು. ನಾನು ಚಿಹ್ನೆಯೊಳಗೆ "ಬೇಜಾರಾಯಿತು" ಅಂತ ಬರೆದೆ. ಸುಲಭ, ಪದ ಒಂದೇ ತಾನೇ? ಮಾಸ್ಟ್ರು ಮತ್ತೆ ಗೆರೆ ಎಳೆದರು. ಘಟ್ಟದ ಮೇಲಿನವರು ಇದನ್ನು ಓದಿದರೆ ಅಜ್ಜನಿಗೆ ಸುಮ್ನೆ ಬೋರಾಯಿತು ಅಂತಲೂ ಅಂದುಕೊಳ್ಳಬಹುದು ಅಂದರು. ಹಾಗಾದರೆ "ದುಃಖವಾಯಿತು" ಅಂತ ಬರೆಯಲಾ? ಆ ಪದ ಅಜ್ಜ ಹೇಳಿಲ್ಲ, ಚಿಹ್ನೆಯೊಳಗೆ ಹಾಕಿದರೆ ಅವರ ಬಾಯಿಗೆ ನನ್ನ ಪದ ತುರುಕಿದ ಹಾಗೆ.

ಕೊನೆಗೆ ಅಜ್ಜನ ಮನೆಗೇ ಮತ್ತೊಮ್ಮೆ ಹೋದೆ. ಬರೆದದ್ದನ್ನು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ, ಅಷ್ಟು ಬೇಜಾರು ಅಂತ ತುಳುವಿನಲ್ಲೇ ಹೇಳಿದರು. ಪುಸ್ತಕದಲ್ಲಿ ಈಗ ಅವರ ಎರಡು ತುಳು ಪದ ಹಾಗೆಯೇ ಚಿಹ್ನೆಯೊಳಗೆ ಇವೆ. ಊಟ ಬಿಟ್ಟ ಸಂಗತಿ ಚಿಹ್ನೆ ಇಲ್ಲದೆ, ಅವರೇ ಹೇಳಿದ್ದು ಅಂತ, ಮಾತಾಡಿಸಿದ ತಾರೀಕಿನ ಜೊತೆ ಇದೆ. ಕೆಳಗೆ ಬೇರೆ ಪ್ಯಾರಾದಲ್ಲಿ ಆ ಪದದ ಬಗ್ಗೆ ನಾನು ಬರೆದ ಎರಡು ಸಾಲು ಇದೆ.