ಹಬ್ಬದ ಮಾರಾಟದಲ್ಲಿ ಜಾಹೀರಾತಿನ ಪಾಲೆಷ್ಟು?

“ಸಾಮಾನ್ಯ ತಿಂಗಳಲ್ಲಿ ಜಾಹೀರಾತಿಗೆ ಹಾಕಿದ ಒಂದು ರೂಪಾಯಿಗೆ ಮೂರು ರೂಪಾಯಿ ಮಾರಾಟ ಬರುತ್ತದೆ. ದೀಪಾವಳಿಯಲ್ಲಿ ಐದು ಬಂತು. ಅಂದರೆ ಹಬ್ಬದ ಜಾಹೀರಾತು ಹೆಚ್ಚು ಚೆನ್ನಾಗಿ ಕೆಲಸ ಮಾಡಿತು ಎಂದಲ್ಲವೇ?”

ಸೀರೆ ಅಂಗಡಿ ನಡೆಸುವವರು ಕೇಳುವ ಪ್ರಶ್ನೆಯಿದು. ಅಷ್ಟರಿಂದಲೇ ಹಾಗೆ ಹೇಳಲಾಗದು. ದೀಪಾವಳಿಗೆ ಸೀರೆ ಕೊಳ್ಳಲೇಬೇಕೆಂದು ಮೊದಲೇ ತೀರ್ಮಾನಿಸಿದವರು ಬಹಳ ಜನ. ಅವರಲ್ಲಿ ಹಲವರು ಕೊಳ್ಳುವ ಮೊದಲು ನಿಮ್ಮ ಆನ್‌ಲೈನ್ ಜಾಹೀರಾತನ್ನು ಒಮ್ಮೆ ಒತ್ತಿರುತ್ತಾರೆ. ಜಾಹೀರಾತು ಸಂಸ್ಥೆಯ ವರದಿ ಆ ಮಾರಾಟವನ್ನೆಲ್ಲ ತನ್ನ ಖಾತೆಗೇ ಬರೆದುಕೊಳ್ಳುತ್ತದೆ.

ಸೀರೆ ಅಂಗಡಿಯೊಂದರ ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಮೊದಲ ಕೆಲಸ, ತಿಂಗಳ ಹೆಸರನ್ನು ಬಿಟ್ಟು ತಿಥಿಯನ್ನು ಹಿಡಿಯುವುದು. ಬಲಿಪಾಡ್ಯಮಿ 2023ರಲ್ಲಿ ನವೆಂಬರ್ 14ಕ್ಕೆ, 2024ರಲ್ಲಿ ನವೆಂಬರ್ 2ಕ್ಕೆ, 2025ರಲ್ಲಿ ಅಕ್ಟೋಬರ್ 22ಕ್ಕೆ ಬಂತು. ಹೀಗಿರುವಾಗ ಒಂದು ವರ್ಷದ ಅಕ್ಟೋಬರನ್ನು ಇನ್ನೊಂದರ ಅಕ್ಟೋಬರಿನೊಂದಿಗೆ ಹೋಲಿಸಿದರೆ ಹಬ್ಬ ಇರುವ ತಿಂಗಳನ್ನು ಇಲ್ಲದ ತಿಂಗಳೊಂದಿಗೆ ಹೋಲಿಸಿದಂತಾಗುತ್ತದೆ. ಅದಕ್ಕಾಗಿ ನಾನು ಪ್ರತಿ ವರ್ಷವೂ ಬಲಿಪಾಡ್ಯಮಿಗೆ ಮುಗಿಯುವ 21 ದಿನಗಳನ್ನು ತೆಗೆದುಕೊಳ್ಳುತ್ತೇನೆ. ‘ಸಾಮಾನ್ಯ’ ದಿನಗಳನ್ನು ಆರಿಸುವಾಗಲೂ ಅಷ್ಟೇ ಎಚ್ಚರ ಬೇಕು. ಆಷಾಢ ಮತ್ತು ಪಿತೃಪಕ್ಷದಲ್ಲಿ ಸೀರೆ ವ್ಯಾಪಾರ ತಾನಾಗಿಯೇ ಇಳಿದಿರುತ್ತದೆ, ಮದುವೆಯ ಕಾಲದಲ್ಲಿ ಏರಿರುತ್ತದೆ. ಇವು ಮೂರನ್ನೂ ಹೊರಗಿಡಬೇಕು. ಪಿತೃಪಕ್ಷದ ಎದುರು ನಿಲ್ಲಿಸಿದರೆ ಯಾವ ದೀಪಾವಳಿಯ ಜಾಹೀರಾತೂ ಅದ್ಭುತವಾಗಿಯೇ ಕಾಣುತ್ತದೆ.

ಈಗ ಹಿಂದಿನ ಎರಡು ಮೂರು ವರ್ಷಗಳ ಒಟ್ಟು ಮಾರಾಟವನ್ನು, ಅಂದರೆ ಅಂಗಡಿಯಲ್ಲಿ ಆದದ್ದನ್ನೂ ಆನ್‌ಲೈನಿನದನ್ನೂ ಸೇರಿಸಿ, ದಿನದ ಸರಾಸರಿ ತೆಗೆಯಿರಿ. ಸಾಮಾನ್ಯ ದಿನ 50 ಸಾವಿರ ರೂಪಾಯಿ, ಹಬ್ಬದ 21 ದಿನಗಳಲ್ಲಿ ದಿನಕ್ಕೆ ಒಂದು ಲಕ್ಷ ಎಂದಿಟ್ಟುಕೊಳ್ಳಿ. ಹಬ್ಬದ ಏರಿಕೆ ಎರಡು ಪಟ್ಟು. ಈ ವರ್ಷ ಹಬ್ಬದಲ್ಲಿ ಜಾಹೀರಾತಿಗೆ 2 ಲಕ್ಷ ಹಾಕಿದಿರಿ, ವರದಿ 10 ಲಕ್ಷದ ಮಾರಾಟ ತೋರಿಸಿತು. ಹಬ್ಬದ ಏರಿಕೆಯನ್ನು ತೆಗೆಯಲು ಅದನ್ನು ಎರಡರಿಂದ ಭಾಗಿಸಿದರೆ 5 ಲಕ್ಷ, ಅಂದರೆ ರೂಪಾಯಿಗೆ ಎರಡೂವರೆ. ಸಾಮಾನ್ಯ ತಿಂಗಳ ಮೂರಕ್ಕಿಂತ ಕಡಿಮೆ! ಜಾಹೀರಾತು ಕೆಟ್ಟದಾಗಿತ್ತು ಎಂದು ಇದರಿಂದ ತೀರ್ಮಾನಿಸಬೇಡಿ. ಹಬ್ಬದಲ್ಲಿ ಜಾಹೀರಾತಿನ ಜಾಗಕ್ಕೆ ಎಲ್ಲರೂ ಪೈಪೋಟಿ ನಡೆಸುವುದರಿಂದ ಅದೇ ಹಣಕ್ಕೆ ಕಡಿಮೆ ಜನ ಸಿಗುತ್ತಾರೆ. ದರ ಏರಿದ್ದೇ ಕಾರಣವೋ, ಜಾಹೀರಾತೇ ಸಪ್ಪೆಯೋ ಎಂದು ತಿಳಿಯಲು ನೂರು ಕ್ಲಿಕ್ಕಿಗೆ ಎಷ್ಟು ಆರ್ಡರ್ ಬಂದವೆಂದು ನೋಡಿ. ಆ ಸಂಖ್ಯೆಯೂ ಹಬ್ಬದಲ್ಲಿ ಏರಬೇಕು. ಏರದಿದ್ದರೆ ಜಾಹೀರಾತನ್ನೇ ಅನುಮಾನಿಸಬೇಕು.

ಈ ಭಾಗಾಕಾರಕ್ಕೆ ಒಂದು ದೊಡ್ಡ ಮಿತಿಯಿದೆ. ಹಿಂದಿನ ವರ್ಷಗಳಲ್ಲೂ ಹಬ್ಬಕ್ಕೆ ಜಾಹೀರಾತು ಹೆಚ್ಚಿಸಿದ್ದರೆ, ಆ ‘ಎರಡು ಪಟ್ಟು’ ಏರಿಕೆಯೊಳಗೆ ಜಾಹೀರಾತಿನ ಫಲವೂ ಸೇರಿಕೊಂಡಿರುತ್ತದೆ. ಆಗ ನೀವು ಜಾಹೀರಾತಿನ ದುಡಿಮೆಯನ್ನು ಹಬ್ಬದ ಹೆಸರಿನಲ್ಲಿ ಕಳೆದುಹಾಕುತ್ತೀರಿ. ಅನುಮತಿ ಸಿಕ್ಕಲ್ಲೆಲ್ಲ ನಾನು ಒಂದು ಊರಿನಲ್ಲಿ ಜಾಹೀರಾತು ನಿಲ್ಲಿಸಿ ನೋಡಬೇಕೆಂದು ಹಟ ಹಿಡಿಯುವುದು ಇದಕ್ಕೇ.

ದಾವಣಗೆರೆ ಮತ್ತು ಶಿವಮೊಗ್ಗವನ್ನು ತೆಗೆದುಕೊಳ್ಳಿ. ಒಂದೇ ಬಗೆಯ ಜಾಹೀರಾತು ನಡೆಯುವ ಸಾಮಾನ್ಯ ವಾರಗಳಲ್ಲಿ ದಾವಣಗೆರೆಯಿಂದ 100 ಆರ್ಡರ್ ಬಂದರೆ ಶಿವಮೊಗ್ಗದಿಂದ 80 ಬರುತ್ತವೆ ಎಂದುಕೊಳ್ಳೋಣ. ಹಬ್ಬದ ಅವಧಿಗೆ ಶಿವಮೊಗ್ಗದಲ್ಲಿ ಜಾಹೀರಾತು ನಿಲ್ಲಿಸಿ. ಅಲ್ಲಿ 160 ಆರ್ಡರ್ ಬಂದರೆ, ಅದೇ ಅನುಪಾತದಲ್ಲಿ ದಾವಣಗೆರೆಯೂ ಜಾಹೀರಾತಿಲ್ಲದೆ ಸುಮಾರು 200 ತರುತ್ತಿತ್ತು. ನಿಜವಾಗಿ ಬಂದದ್ದು 260. ಜಾಹೀರಾತು ತಂದದ್ದು 60. ವರದಿಯಲ್ಲಿ 140 ಎಂದಿರಬಹುದು. ಆರ್ಡರುಗಳನ್ನು ವರದಿಯ ಊರಿನ ಹೆಸರಿನಿಂದ ಎಣಿಸದೆ ವಿಳಾಸದ ಪಿನ್‌ಕೋಡ್‌ನಿಂದ ಎಣಿಸಿ. ದಸರೆಯ ಪರೀಕ್ಷೆಗೆ ಮಾತ್ರ ಮೈಸೂರನ್ನು ಬಳಸಬೇಡಿ, ಅಲ್ಲಿನ ದಸರೆಗೆ ಜೋಡಿಯಾಗುವ ಊರು ಬೇರೆಲ್ಲೂ ಇಲ್ಲ. ಈ 100ಕ್ಕೆ 80 ಎಂಬ ಅನುಪಾತ ಸಾಮಾನ್ಯ ವಾರಗಳಲ್ಲೇ ಎಷ್ಟು ಅಲುಗಾಡುತ್ತದೆಂದೂ ನೋಡಬೇಕು. ಕೆಲವು ವಾರ 60, ಕೆಲವು ವಾರ 100 ಆಗುತ್ತಿದ್ದರೆ, ಆ 60 ಆರ್ಡರಿನ ವ್ಯತ್ಯಾಸವನ್ನು ನಾನು ನಂಬುವುದಿಲ್ಲ. ಆಗ ಒಂದೊಂದು ಊರಿನ ಬದಲು ನಾಲ್ಕೈದು ಊರುಗಳ ಗುಂಪುಗಳನ್ನು ಹೋಲಿಸಬೇಕಾಗುತ್ತದೆ.

ಎಣಿಕೆಯನ್ನು ಬಲಿಪಾಡ್ಯಮಿಗೇ ನಿಲ್ಲಿಸದೆ ಇನ್ನೂ ಮೂರು ವಾರ ಮುಂದುವರಿಸಿ. ಹಬ್ಬದ ನಂತರ ಹೇಗೂ ಕೊಳ್ಳುತ್ತಿದ್ದವರು ರಿಯಾಯಿತಿ ನೋಡಿ ಮೊದಲೇ ಕೊಂಡಿದ್ದರೆ, ಆ ವಾರಗಳಲ್ಲಿ ದಾವಣಗೆರೆ ಶಿವಮೊಗ್ಗಕ್ಕಿಂತ ಹೆಚ್ಚು ಕುಸಿಯುತ್ತದೆ. 20 ಆರ್ಡರ್ ಹಾಗೆ ಕಡಿಮೆಯಾದರೆ ಜಾಹೀರಾತಿನ ನಿಜವಾದ ಗಳಿಕೆ 40. ಮುಂದಿನ ವರ್ಷ ಹಬ್ಬಕ್ಕೆ ಎಷ್ಟು ಹಣ ಎಂಬುದನ್ನು ಆ 40ರ ಲಾಭದಿಂದ ನಿರ್ಧರಿಸಿ.